ದಾರದ ಕಣ್ಣಿನ ಆನೆ: ನಮ್ಮ ಅತ್ತಿಗೆಯ ಮೊದಲ ಆರ್ಡರು

ಜುಲೈ ಮೊದಲ ವಾರ, ರಾತ್ರಿ ಹತ್ತೂಕಾಲಿಗೆ ಅತ್ತಿಗೆಯ ಫೋನಿಗೆ ಒಂದು ವಾಟ್ಸಾಪ್ ಮೆಸೇಜು ಬಂತು. 'ಕಣ್ಣು ದಾರದಲ್ಲೇ ಹೊಲಿದದ್ದು ಅಂತ ಬರೆದಿದ್ದೀರಲ್ಲ, ಅದೇ ಆನೆ ಒಂದು ಬೇಕು. ದುಡ್ಡು ಎಲ್ಲಿಗೆ ಹಾಕಲಿ?' ಎಂದು ಇತ್ತು. ಬೆಲೆ ಕೇಳಿರಲಿಲ್ಲ. ಎಷ್ಟು ದೊಡ್ಡದು ಎಂದೂ ಕೇಳಿರಲಿಲ್ಲ. ಐದು ತಿಂಗಳಲ್ಲಿ ಬಂದ ಮೊದಲ ಆರ್ಡರು ಅದು.

ಅತ್ತಿಗೆ ಇರೋದು ತುಮಕೂರಿನಲ್ಲಿ. ನಾನು ಬೆಂಗಳೂರಿನಲ್ಲಿ ಒಂದು ಸೀರೆ ಅಂಗಡಿಗೆ ಆನ್‌ಲೈನ್ ವಿವರ ಬರೆದುಕೊಡುವ ಕೆಲಸ ಮಾಡುತ್ತೇನೆ. ಹಾಗಾಗಿ ಆ ಮೆಸೇಜಿನ ಸ್ಕ್ರೀನ್‌ಶಾಟು ಅವರು ಮೊದಲು ಕಳಿಸಿದ್ದು ನನಗೆ, ಆಮೇಲೆ ಪಕ್ಕದ ಕೋಣೆಯಲ್ಲಿ ಮಲಗಿದ್ದ ಅಣ್ಣನಿಗೆ ತೋರಿಸಿದ್ದು. ಆ ಮೆಸೇಜಿನಲ್ಲಿ ನನಗೆ ಕಣ್ಣಿಗೆ ಬಿದ್ದದ್ದು ಒಂದೇ: ಅದರ ಮೊದಲ ಮೂರು ಪದ ನಾವು ಬರೆದದ್ದು. ಅವರು ನಮ್ಮ ಸಾಲನ್ನೇ ನಮಗೆ ವಾಪಸ್ ಹೇಳಿದ್ದರು. ಆ ಸಾಲು ಹೇಗೆ ಹುಟ್ಟಿತು ಅನ್ನೋದನ್ನ ಬರೆದಿಡೋಣ ಅನ್ನಿಸಿತು.

ಅತ್ತಿಗೆ ಕ್ರೋಶಾ ಕಲಿತದ್ದು ಅವರ ಅಮ್ಮನಿಂದ. ಟೇಬಲ್ ಕ್ಲಾತು, ಬಾಗಿಲ ತೋರಣ, ಟಿವಿ ಮೇಲೆ ಹಾಕುವ ಹೊದಿಕೆ ಹೀಗೆ. ಗೊಂಬೆ ಹೆಣೆಯೋದನ್ನ ಮಾತ್ರ ಯೂಟ್ಯೂಬ್ ನೋಡಿ ಕಲಿತರು. ಅದಕ್ಕೆ ಜಪಾನಿಯವರು ಅಮಿಗುರುಮಿ ಅಂತಾರೆ. ನಡುವಿನಿಂದ ಶುರು ಮಾಡಿ ಸುತ್ತುಸುತ್ತಾಗಿ ಹೆಣೆಯುತ್ತಾ ಹೋಗೋದು. ಮೊದಲ ಸುತ್ತಿಗೆ ಆರು ಹೆಣಿಗೆ, ಎರಡನೆಯದಕ್ಕೆ ಹನ್ನೆರಡು, ಮೂರನೆಯದಕ್ಕೆ ಹದಿನೆಂಟು. ಹಾಗೆ ಹಿಗ್ಗಿಸಿದರೆ ಚಪ್ಪಟೆ ವೃತ್ತ, ಹಿಗ್ಗಿಸೋದು ನಿಲ್ಲಿಸಿದರೆ ಅದೇ ಬಟ್ಟಲಾಗುತ್ತದೆ, ಕುಗ್ಗಿಸಿದರೆ ಚೆಂಡು. ಒಳಗೆ ಫೈಬರ್ ತುಂಬಿ ಬಾಯಿ ಮುಚ್ಚಿದರೆ ಆನೆಯ ತಲೆ.

ಫೆಬ್ರವರಿಯಲ್ಲಿ ಅವರು ವಾಟ್ಸಾಪ್ ಬಿಸಿನೆಸ್ ಹಾಕಿಕೊಂಡು ಕ್ಯಾಟಲಾಗಿನಲ್ಲಿ ಆನೆಯನ್ನ ಇಟ್ಟರು. ಕೆಳಗೆ ಬರೆದದ್ದು ಇದು:

> ಹ್ಯಾಂಡ್‌ಮೇಡ್ ಕ್ಯೂಟ್ ಅಮಿಗುರುಮಿ ಎಲಿಫೆಂಟ್. ಬೆಸ್ಟ್ ಕ್ವಾಲಿಟಿ ವುಲನ್. ಮಕ್ಕಳಿಗೆ ತುಂಬಾ ಇಷ್ಟವಾಗುತ್ತದೆ. ಗಿಫ್ಟ್ ಕೊಡಲು ಸೂಕ್ತ. ಬೆಲೆಗೆ ಮೆಸೇಜ್ ಮಾಡಿ.

ಲಿಂಕನ್ನ ನೆಂಟರ ಗುಂಪು, ನಮ್ಮ ಅಪಾರ್ಟ್‌ಮೆಂಟಿನ ಗುಂಪು, ಅವರ ಕಾಲೇಜಿನ ಗೆಳತಿಯರ ಗುಂಪು ಎಲ್ಲಾ ಕಡೆ ಹಂಚಿದ್ದಾಯಿತು. ಹೃದಯದ ಚಿಹ್ನೆಗಳು ಸಿಕ್ಕಾಪಟ್ಟೆ ಬಂದವು. ಯಾರೂ ಕೊಳ್ಳಲಿಲ್ಲ.

ಜೂನ್ ಕೊನೆಯಲ್ಲಿ ನಾನು ಎರಡು ದಿನ ರಜೆ ಹಾಕಿ ತುಮಕೂರಿಗೆ ಹೋದೆ. ಅತ್ತಿಗೆ ಮೊದಲೇ ತಯಾರಾಗಿದ್ದರು. "ಚೆನ್ನಾಗಿ ಬರೆದುಕೊಡೇ, ನಿನಗೆ ಇಂಥದ್ದೆಲ್ಲ ಬರುತ್ತಲ್ಲ" ಅಂದರು. ಚೆನ್ನಾಗಿ ಬರೆಯೋದು ಅಂದರೆ ಇನ್ನೂ ಸಿಹಿಯಾಗಿ ಬರೆಯೋದು ಅನ್ನೋದು ಅವರ ಲೆಕ್ಕ. ನಾನು ಬರೆಯೋಕೆ ಕೂರಲಿಲ್ಲ. ಅವರ ಫೋನು ಇಸಿದುಕೊಂಡು ಹಳೆಯ ಚಾಟುಗಳನ್ನ ಓದುತ್ತಾ ಕೂತೆ.

ಐದು ತಿಂಗಳಲ್ಲಿ ಹನ್ನೊಂದು ಜನ ಕೇಳಿ ಸುಮ್ಮನಾಗಿದ್ದರು. ಅವರಲ್ಲಿ ಹತ್ತು ಜನರ ಮೊದಲ ಪ್ರಶ್ನೆ ಬೆಲೆ. ಅದು ನಾವೇ ಮಾಡಿಕೊಂಡ ಎಡವಟ್ಟು, ಬೆಲೆ ಬಚ್ಚಿಟ್ಟರೆ ಇನ್ನೇನು ಕೇಳುತ್ತಾರೆ? ನನಗೆ ಬೇಕಾಗಿದ್ದದ್ದು ಎರಡನೆಯ ಪ್ರಶ್ನೆ. ಒಂದು ಹಳೇ ಕ್ಯಾಲೆಂಡರಿನ ಹಿಂದೆ ಬರೆದುಕೊಂಡೆ. 'ಎಷ್ಟು ದೊಡ್ಡದು?' ಅಂತ ಐದು ಜನ. 'ತೊಳೆಯಬಹುದಾ?' ಅಂತ ಮೂವರು. 'ವುಲನ್ ಅಂದ್ರೆ ಮಗುವಿಗೆ ಚುಚ್ಚಲ್ವಾ?' ಅಂತ ಇಬ್ಬರು. ಒಬ್ಬರು ಮಾತ್ರ, ಏಪ್ರಿಲ್‌ನಲ್ಲಿ, 'ಕಣ್ಣು ಕಿತ್ತು ಬರುತ್ತಾ? ನಮ್ಮವನಿಗೆ ಎಲ್ಲಾ ಬಾಯಿಗೆ ಹಾಕೋ ಅಭ್ಯಾಸ' ಎಂದು ಕೇಳಿದ್ದರು. ಅತ್ತಿಗೆ ಅದಕ್ಕೆ 'ಇಲ್ಲ ಮೇಡಂ ಗಟ್ಟಿ ಇದೆ' ಎಂದು ಉತ್ತರ ಕೊಟ್ಟಿದ್ದರು. ಆಚೆ ಕಡೆಯಿಂದ ಮತ್ತೆ ಮಾತಿಲ್ಲ.

"ಗಟ್ಟಿ ಇದೆ ಅಂತ ಹೇಗೆ ಗೊತ್ತು ಅತ್ತಿಗೆ?" ಅಂದೆ.

"ಹಿಂದೆ ಬಿಲ್ಲೆ ಹಾಕಿ ಲಾಕ್ ಮಾಡ್ತೀವಲ್ಲೇ. ಸೇಫ್ಟಿ ಐಸ್ ಅಂತಲೇ ಅದರ ಹೆಸರು."

ನಿಜ, ಅದರ ಹೆಸರು ಹಾಗೇ. ಅಣಬೆಯ ಹಾಗಿರುವ ಕಪ್ಪು ಪ್ಲಾಸ್ಟಿಕ್ ಕಣ್ಣು. ಕಡ್ಡಿಯಂಥ ಬಾಲವನ್ನ ಹೆಣಿಗೆಯ ಸಂದಿಯಲ್ಲಿ ತೂರಿಸಿ, ಒಳಗಿನಿಂದ ಒಂದು ಪ್ಲಾಸ್ಟಿಕ್ ಬಿಲ್ಲೆಯನ್ನ ಕಟಕ್ ಅನ್ನೋ ಹಾಗೆ ಒತ್ತಿದರೆ ಕೂತುಬಿಡುತ್ತದೆ. ಬಿಲ್ಲೆ ಬಾಲದಿಂದ ಬಿಡಿಸಿಕೊಳ್ಳೋದು ಕಷ್ಟವೇ. ಆದರೆ ನನ್ನ ಅನುಮಾನ ಇದ್ದದ್ದು ಬಿಲ್ಲೆಯ ಮೇಲಲ್ಲ, ಬಟ್ಟೆಯ ಮೇಲೆ.

ಕ್ಯಾಟಲಾಗಿನ ಅದೇ ಆನೆಯನ್ನ ತರಿಸಿಕೊಂಡೆ. ಹೆಣಿಗೆ ಸ್ವಲ್ಪ ಸಡಿಲ, ಸಂದಿಗಳಲ್ಲಿ ಬಿಳಿ ಫೈಬರ್ ಇಣುಕುತ್ತಿತ್ತು. ಕಣ್ಣಿಗೆ ಕರ್ಚೀಫ್ ಸುತ್ತಿ, ಹಿಡಿತ ಸಿಕ್ಕ ಮೇಲೆ ಎಳೆದೆ. ಬರಲಿಲ್ಲ. ಓರೆಯಾಗಿ ತಿರುಚಿ ಎಳೆದೆ. ಬಟ್ಟೆ ಹಿಗ್ಗಿತು, ಸಂದಿ ಅಗಲವಾಯಿತು, ಬಿಲ್ಲೆಯ ಒಂದು ಅಂಚು ಹೊರಗೆ ಕಂಡಿತು. ಇನ್ನೊಂದು ಸಲ ತಿರುಚಿದಾಗ ಕಣ್ಣು, ಬಾಲ, ಬಿಲ್ಲೆ ಮೂರೂ ಒಟ್ಟಿಗೆ ನನ್ನ ಕೈಗೆ ಬಂದವು. ಬಿಲ್ಲೆ ಒಂಚೂರೂ ಅಲುಗಿರಲಿಲ್ಲ, ಲಾಕ್ ಹಾಗೇ ಇತ್ತು. ಸಂದಿಯೇ ದಾರಿ ಬಿಟ್ಟಿತ್ತು.

ಅತ್ತಿಗೆ ಅದನ್ನ ತೆಗೆದುಕೊಂಡು ಅಂಗೈ ಮೇಲೆ ಇಟ್ಟುಕೊಂಡು ನೋಡಿದರು. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ "ನಮ್ಮ ಚಿಕ್ಕವನು ಇಷ್ಟು ದಿನ ಇದರಲ್ಲೇ ಆಡಿದ್ದು ಕಣೇ" ಅಂದರು. ಎದ್ದು ಹೋಗಿ ಮನೆಯಲ್ಲಿದ್ದ ಉಳಿದ ಎರಡು ಗೊಂಬೆಗಳನ್ನೂ ತಂದು ಬೀರುವಿನ ಮೇಲಿಟ್ಟರು.

ಕಾರಣ ಕಡ್ಡಿಯಲ್ಲಿತ್ತು. ಅವರು 3.5 ಮಿ.ಮೀ. ಕ್ರೋಶಾ ಕಡ್ಡಿಯಲ್ಲಿ ಹೆಣೆಯುತ್ತಿದ್ದರು. ಟೇಬಲ್ ಕ್ಲಾತಿಗೂ ಅದೇ, ಕೈಗೆ ಅಭ್ಯಾಸವಾಗಿತ್ತು. ಗೊಂಬೆಗೆ ಅದೇ ದಾರವನ್ನ 2.5ರಲ್ಲಿ ಬಿಗಿಯಾಗಿ ಹೆಣೆಯಬೇಕು, ತುಂಬಿದ ಮೇಲೆ ಒಳಗಿನದ್ದು ಕಾಣಬಾರದು. ಕಡ್ಡಿ ಬದಲಿಸಿದರೆ ಪ್ಲಾಸ್ಟಿಕ್ ಕಣ್ಣು ಬಹುಶಃ ನಿಲ್ಲುತ್ತಿತ್ತು. ಆದರೆ 'ಬಹುಶಃ' ಅನ್ನೋದನ್ನ ವಿವರದಲ್ಲಿ ಬರೆಯೋದು ಹೇಗೆ? ಮೂರು ವರ್ಷದೊಳಗಿನ ಮಕ್ಕಳಿಗೆ ಇಂಥ ಕಣ್ಣು ಬೇಡ ಎಂದು ಕ್ರೋಶಾ ಗೊಂಬೆ ಮಾಡೋರು ಸಾಮಾನ್ಯವಾಗಿ ಹೇಳುತ್ತಾರೆ. ಹೆಸರಲ್ಲಿ ಸೇಫ್ಟಿ ಇದೆ ಅಷ್ಟೇ. ಕಣ್ಣನ್ನ ಕಪ್ಪು ದಾರದಲ್ಲಿ ಹೊಲಿಯೋಣ ಎಂದು ತೀರ್ಮಾನಿಸಿದ್ದು ಅತ್ತಿಗೆಯೇ. ಕಸೂತಿ ಅವರಿಗೆ ಬರುತ್ತಿತ್ತು.

ಹೀಗೆ ವಿವರ ಬರೆಯೋಕೆ ಹೋಗಿ ಆನೆಯೇ ಬದಲಾಯಿತು. ನನ್ನ ಸೀರೆ ಅಂಗಡಿಯಲ್ಲಿ ಹೀಗಾಗಲ್ಲ. ಅಲ್ಲಿ ಸೀರೆ ಬಂದಾಗಿರುತ್ತದೆ, ನಾವು ಪದ ಹುಡುಕುತ್ತೇವೆ.

ಮುಂದಿನ ತಕರಾರು 'ವುಲನ್'. ನಮ್ಮ ಕಡೆ ಕ್ರೋಶಾ ದಾರಕ್ಕೆಲ್ಲ ಬಾಯಿಮಾತಿಗೆ ವುಲನ್ ಅಂತಲೇ ಅನ್ನುತ್ತಾರೆ, ಕುರಿಯ ಉಣ್ಣೆಗೂ ಅದಕ್ಕೂ ಏನೂ ಸಂಬಂಧ ಇರಲ್ಲ. ಅತ್ತಿಗೆಯ ದಾರದ ಉಂಡೆಯ ಪಟ್ಟಿಯ ಮೇಲೆ 'ಮಿಲ್ಕ್ ಕಾಟನ್' ಅಂತಿತ್ತು. ಹಾಗಾದರೆ ಹತ್ತಿ ಅಂತ ಬರೆದುಬಿಡೋಣ ಅಂದರು. ತಡೆಯಿರಿ ಅಂದು ಒಂದು ಗೇಣು ದಾರ ಕತ್ತರಿಸಿ, ಇಕ್ಕಳದಲ್ಲಿ ಹಿಡಿದು, ಸಿಂಕಿನ ಮೇಲೆ ಬೆಂಕಿಕಡ್ಡಿ ಗೀರಿದೆ. ಇದು ಬಟ್ಟೆ ಅಂಗಡಿಯವರ ಹಳೆಯ ಪರೀಕ್ಷೆ. ಬರೀ ಹತ್ತಿಯಾದರೆ ಕಾಗದದ ಹಾಗೆ ಉರಿದು, ಕಾಗದ ಸುಟ್ಟ ವಾಸನೆ ಬಂದು, ಮುಟ್ಟಿದರೆ ಉದುರುವ ಬೂದಿ ಉಳಿಯುತ್ತದೆ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ. ಅಕ್ರಿಲಿಕ್ ಆದರೆ ಕರಗಿ, ತುದಿಯಲ್ಲಿ ಗಟ್ಟಿ ಕಪ್ಪು ಗುಂಡು ಕಟ್ಟುತ್ತದೆ. ನಮ್ಮ ದಾರ ಎರಡೂ ಮಾಡಿತು. ಸ್ವಲ್ಪ ಬೂದಿ, ನಡುವೆ ಉಗುರಿಗೆ ಸಿಕ್ಕುವ ಒರಟು ಕಾಳು. ಅಂದರೆ ಬೆರಕೆ. ಮಿಲ್ಕ್ ಕಾಟನ್ ಎಂದು ಮಾರುವ ದಾರದಲ್ಲಿ ಹತ್ತಿಯ ಜೊತೆ ಅಕ್ರಿಲಿಕ್ ಸೇರಿರೋದು ಮಾಮೂಲಿ. ಅದು ಕೆಟ್ಟ ದಾರವೇನಲ್ಲ, ಮೆತ್ತಗೆ ಹೊಳಪಾಗಿ ಚೆನ್ನಾಗೇ ಇರುತ್ತದೆ. 'ಪೂರಾ ಹತ್ತಿ' ಎಂದು ಮಾತ್ರ ಬರೆಯೋಕಾಗಲ್ಲ.

ಇಲ್ಲಿ ಎರಡು ದಾರಿ ಇತ್ತು. ಬೆರಕೆ ಅಂತ ಬರೆಯೋದು, ಇಲ್ಲಾ ದಾರ ಬದಲಿಸೋದು. ಅತ್ತಿಗೆ ಮರುದಿನ ಬೆಳಿಗ್ಗೆ ಪೇಟೆಗೆ ಹೋಗಿ ಪಟ್ಟಿಯ ಮೇಲೆ 100% ಹತ್ತಿ ಎಂದಿದ್ದ ಬೂದು ನೂಲಿನ 50 ಗ್ರಾಂ ಉಂಡೆಗಳನ್ನ ತಂದರು. ಅದನ್ನೂ ಸುಟ್ಟು ನೋಡಿದೆವು. ಗುಂಡು ಕಟ್ಟಲಿಲ್ಲ. ಹೆಣೆಯೋಕೆ ಮಾತ್ರ ಅದು ಹಟಮಾರಿ. ಹತ್ತಿ ನೂಲು ಹಿಗ್ಗಲ್ಲ. ಕಡ್ಡಿಯ ತುದಿ ಎಳೆಗಳ ನಡುವೆ ಸಿಕ್ಕಿ ದಾರ ಸೀಳುತ್ತದೆ, ಸಂಜೆಗೆ ತೋರುಬೆರಳು ಕೆಂಪಾಗುತ್ತದೆ. ಎಂಟು ಗಂಟೆಯಲ್ಲಿ ಮುಗಿಯುತ್ತಿದ್ದ ಆನೆ ಹತ್ತೂವರೆ ಗಂಟೆ ತೆಗೆದುಕೊಂಡಿತು. ಕಡ್ಡಿ ಸಣ್ಣದಾದ್ದರಿಂದ ಆನೆಯೂ ಕುಗ್ಗಿತು. 20 ಸೆಂ.ಮೀ. ಇದ್ದದ್ದು 17ಕ್ಕೆ ಇಳಿಯಿತು.

ಗಾತ್ರದ ವಿಷಯ ನನಗೆ ಸುಲಭ ಅನ್ನಿಸಿತ್ತು. 17 ಸೆಂ.ಮೀ. ಎಂದು ಬರೆದರೆ ಮುಗಿಯಿತು ಅಂದುಕೊಂಡೆ. ಅತ್ತಿಗೆಯನ್ನೇ ಕಣ್ಣು ಮುಚ್ಚಿ ಹದಿನೇಳು ಸೆಂಟಿಮೀಟರ್ ತೋರಿಸಿ ಅಂದೆ. ಎರಡು ಕೈಗಳ ನಡುವೆ ಅವರು ತೋರಿಸಿದ್ದು ಒಂದಡಿಗೆ ಹತ್ತಿರ ಇತ್ತು. ದಿನಾ ಕೈಯಲ್ಲಿ ಹಿಡಿಯೋರೇ ಹೀಗಾದರೆ ಕೊಳ್ಳೋರಿಗೆ ಏನು ಗೊತ್ತಾಗಬೇಕು? ಅಂಕಿ ಇರಲೇಬೇಕು, ಅದು ಮಾತಿಗೆ ಜಾಮೀನು. ಆದರೆ ಮನಸ್ಸಿಗೆ ಗಾತ್ರ ಇಳಿಯೋಕೆ ಗೊತ್ತಿರೋ ವಸ್ತುವೊಂದು ಪಕ್ಕದಲ್ಲಿರಬೇಕು. ಅಡುಗೆಮನೆಯಿಂದ ನೀರು ಕುಡಿಯುವ ಸ್ಟೀಲ್ ಲೋಟ ತಂದು ಆನೆಯ ಪಕ್ಕ ಇಟ್ಟೆ. ಕಿಟಕಿಯ ಬೆಳಕಿನಲ್ಲಿ, ಹಳೇ ಬಿಳಿ ಪಂಚೆಯ ಮೇಲೆ ಚಿತ್ರ ತೆಗೆದೆವು. ಲೋಟದಲ್ಲಿ ಅತ್ತಿಗೆಯೂ ಫೋನೂ ಪ್ರತಿಫಲಿಸಿ ಕಂಡವು. ಮೂರು ಸಲ ಜಾಗ ಬದಲಿಸಬೇಕಾಯಿತು.

ತೊಳೆಯೋದನ್ನೂ ಬಾಯಿಮಾತಿಗೆ ಬಿಡಲಿಲ್ಲ. ಹೊಸ ನೂಲಿನಲ್ಲಿ ಮಾಡಿದ ಮೊದಲ ಆನೆಯ ಬೆನ್ನಿನ ಮೇಲೆ ದಸರಾ ಆನೆಯ ಹಾಗೆ ಒಂದು ಕೆಂಪು ಹೊದಿಕೆ ಇತ್ತು. ಬಕೆಟ್ಟಿಗೆ ಹಾಕಿದ ಹತ್ತು ನಿಮಿಷಕ್ಕೆ ನೀರು ಗುಲಾಬಿಯಾಯಿತು, ಬೂದು ಹೊಟ್ಟೆಗೆ ಕಲೆ ಕೂತಿತು. ಕೆಂಪು ಹೊದಿಕೆಗೆ ಅಲ್ಲಿಗೆ ವಿದಾಯ. ಅತ್ತಿಗೆಗೆ ಇದು ಕಣ್ಣು ಕಿತ್ತು ಬಂದದ್ದಕ್ಕಿಂತ ಜಾಸ್ತಿ ಬೇಜಾರಾಯಿತು ಅಂತ ನನ್ನ ಗುಮಾನಿ.

ಬರೆಯೋಕೆ ಕೂತಾಗ ದೊಡ್ಡ ವಾದವಾದದ್ದು 'ಸುರಕ್ಷಿತ' ಅನ್ನೋ ಪದಕ್ಕೆ. ಇಷ್ಟೆಲ್ಲ ಮಾಡಿದ ಮೇಲೆ 'ಮಕ್ಕಳಿಗೆ ಸಂಪೂರ್ಣ ಸುರಕ್ಷಿತ' ಎಂದು ಹಾಕದಿದ್ದರೆ ಹೇಗೆ ಅನ್ನೋದು ಅತ್ತಿಗೆಯ ಮಾತು. ನಾನು ಬೇಡವೇ ಬೇಡ ಅಂದೆ. ಸುರಕ್ಷಿತ ಎಂದು ಹೇಳೋಕೆ ನಾವು ಲ್ಯಾಬ್ ಅಲ್ಲ, ಗೊಂಬೆಯನ್ನ ಯಾವ ಲ್ಯಾಬಿಗೂ ಕಳಿಸಿಲ್ಲ. ಕಣ್ಣು ದಾರದ್ದು ಅನ್ನೋದು ಮಾತ್ರ ಚಿತ್ರ ನೋಡಿದರೂ ಗೊತ್ತಾಗುವ ಸತ್ಯ. ಜೊತೆಗೆ ಇನ್ನೊಂದು. 'ಸುರಕ್ಷಿತ' ಅನ್ನೋದನ್ನ ಎಲ್ಲರೂ ಬರೆಯುತ್ತಾರೆ, ಕಣ್ಣು ಕಿತ್ತು ಬರೋ ಗೊಂಬೆಯವರೂ ಬರೆಯುತ್ತಾರೆ. ಓದೋರ ಕಣ್ಣು ಆ ಪದದ ಮೇಲೆ ನಿಲ್ಲೋದೇ ಇಲ್ಲ.

ಅಣ್ಣ ಮಧ್ಯೆ ಬಂದು ಒಂದು ಉಪಾಯ ಹೇಳಿದ. ಆಟಿಕೆ ಅಂತಲೇ ಬರೆಯಬೇಡಿ, ಶೋಕೇಸ್ ಅಲಂಕಾರ ಅಂತ ಹಾಕಿಬಿಡಿ, ಯಾವ ತಲೆನೋವೂ ಇರಲ್ಲ ಅಂದ. ಅವನು ಹೇಳುತ್ತಿದ್ದ ತಲೆನೋವು ಸುಳ್ಳಲ್ಲ. 14 ವರ್ಷದೊಳಗಿನ ಮಕ್ಕಳು ಆಡುವ ಆಟಿಕೆಗಳಿಗೆ ಐಎಸ್‌ಐ ಗುರುತು ಇರಬೇಕು ಅನ್ನುವ ಕೇಂದ್ರದ ಆದೇಶ 2021ರ ಜನವರಿ 1ರಿಂದ ಜಾರಿಯಲ್ಲಿದೆ. ಮನೆಯಲ್ಲಿ ತಿಂಗಳಿಗೆ ಆರು ಗೊಂಬೆ ಹೆಣೆಯೋರಿಗೆ ಆ ಗುರುತು ಪಡೆಯೋದು ಆಗಹೋಗದ ಮಾತು. ಆದರೆ ಅದೇ ಆದೇಶದಲ್ಲಿ ಒಂದು ವಿನಾಯಿತಿ ಇದೆ. ಕೇಂದ್ರದ ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರಿಯಲ್ಲಿ ನೋಂದಣಿ ಮಾಡಿಸಿಕೊಂಡ ಕುಶಲಕರ್ಮಿಗಳು ತಾವೇ ಮಾಡಿ ಮಾರುವ ವಸ್ತುಗಳಿಗೆ ಆ ಗುರುತು ಕಡ್ಡಾಯವಲ್ಲ. ಅತ್ತಿಗೆಯ ಹತ್ತಿರ ಆ ಕಚೇರಿಯ ಪೆಹಚಾನ್ ಕಾರ್ಡು ಇತ್ತು. ಹಿಂದೆ ಒಂದು ಶಿಬಿರದಲ್ಲಿ ಗೆಳತಿಯರ ಜೊತೆ ಮಾಡಿಸಿಕೊಂಡು ಬಂದು, ಪಡಿತರ ಚೀಟಿಯ ಕವರಿನಲ್ಲಿಟ್ಟು ಮರೆತಿದ್ದರು. ಕಾರ್ಡು ಇಲ್ಲದಿದ್ದರೆ ಮೊದಲು ಅದನ್ನ ಮಾಡಿಸಿ ಅನ್ನುತ್ತಿದ್ದೆ. ಅಲಂಕಾರ ಎಂದು ಬರೆಯೋದು ನನಗೆ ಹಿಡಿಸಲಿಲ್ಲ. ಮಗುವಿನ ಕೈಗೆ ಕೊಡೋಕೆ ಎಂದೇ ಕೊಳ್ಳೋ ವಸ್ತುವಿಗೆ ಶೋಕೇಸಿನ ಹೆಸರಿಟ್ಟರೆ ನಿಯಮದಿಂದ ಜಾರಿಕೊಂಡ ಹಾಗೂ ಆಗಲ್ಲ, ಕೊಳ್ಳೋರಿಗೂ ಅರ್ಥವಾಗಲ್ಲ.

'ಅಮಿಗುರುಮಿ' ಹೆಚ್ಚು ಮಾತಿಲ್ಲದೆ ಹೋಯಿತು. ಕಳಿಸಿದ ಗುಂಪುಗಳಲ್ಲಿ ಆ ಪದ ಗೊತ್ತಿದ್ದದ್ದು ಕ್ರೋಶಾ ಹೆಣೆಯೋರಿಗೆ ಮಾತ್ರ, ಅವರು ಗೊಂಬೆ ಕೊಳ್ಳಲ್ಲ, ತಾವೇ ಮಾಡಿಕೊಳ್ಳುತ್ತಾರೆ. 'ಕ್ಯೂಟ್' ತೆಗೆದೆವು, ಚಿತ್ರ ನೋಡಿದರೆ ಅದು ಅವರಿಗೇ ಅನ್ನಿಸಬೇಕು. 'ಗಿಫ್ಟಿಗೆ ಸೂಕ್ತ' ಕೂಡ ಹೋಯಿತು. ಕೊನೆಗೆ ಉಳಿದದ್ದು ಇಷ್ಟು:

> ದಾರದ ಕಣ್ಣಿನ ಆನೆ, ಹತ್ತಿ ನೂಲಿನ ಕ್ರೋಶಾ ಗೊಂಬೆ. ₹650
>
> ಕಣ್ಣು ದಾರದಲ್ಲೇ ಹೊಲಿದದ್ದು. ಮಣಿ, ಗುಂಡಿ, ಪ್ಲಾಸ್ಟಿಕ್ ಯಾವುದೂ ಇಲ್ಲ.
>
> ಕೂತಾಗ 17 ಸೆಂ.ಮೀ. ಎತ್ತರ. ಚಿತ್ರದಲ್ಲಿ ಪಕ್ಕ ಇರುವುದು ಮನೆಯ ನೀರಿನ ಲೋಟ. ಸೊಂಡಿಲು ಮಗುವಿನ ಮುಷ್ಟಿಗೆ ಸಿಗುವಷ್ಟು ಸಣ್ಣ.
>
> ಹೊರಗೆ ಪೂರಾ ಹತ್ತಿ ನೂಲು, ಉಣ್ಣೆ ಅಲ್ಲ. ಒಳಗೆ ದಿಂಬಿಗೆ ತುಂಬುವ ಫೈಬರ್.
>
> ಕೈಯಲ್ಲಿ ತೊಳೆಯಿರಿ. ಹಿಂಡಬೇಡಿ, ಟವೆಲಿನಲ್ಲಿ ಸುತ್ತಿ ಒತ್ತಿ, ನೆರಳಲ್ಲಿ ಮಲಗಿಸಿ. ಪೂರ್ತಿ ಒಣಗಲು ಎರಡು ದಿನ.
>
> ನೀವು ಹೇಳಿದ ಮೇಲೆ ಹೆಣೆಯಲು ಶುರು ಮಾಡುತ್ತೇನೆ. ಆರು ದಿನ ಬೇಕು. ಅಂಚೆ ಖರ್ಚು ಬೇರೆ.

ಕಣ್ಣಿನ ಸಾಲನ್ನ ಮೊದಲು ಇಟ್ಟದ್ದಕ್ಕೆ ಕಾರಣ ಇದೆ. ಲಿಂಕು ಕಳಿಸಿದಾಗ ಚಿತ್ರ, ಹೆಸರು, ಜೊತೆಗೆ ವಿವರದ ಆರಂಭ ಮಾತ್ರ ಕಾಣುತ್ತದೆ. ಉಳಿದದ್ದು ಒತ್ತಿ ಒಳಗೆ ಹೋದವರಿಗೆ. ಹನ್ನೊಂದರಲ್ಲಿ ಐದು ಜನ ಗಾತ್ರ ಕೇಳಿದ್ದರು, ಕಣ್ಣು ಕೇಳಿದ್ದು ಒಬ್ಬರೇ. ಹಾಗೆ ನೋಡಿದರೆ ಗಾತ್ರ ಮೇಲಿರಬೇಕಿತ್ತು. ಆದರೆ ಗಾತ್ರವನ್ನ ಲೋಟ ಹೇಳಿಬಿಡುತ್ತದೆ. ಕಣ್ಣು ಪ್ಲಾಸ್ಟಿಕ್ಕೋ ದಾರವೋ ಅನ್ನೋದು ಸಣ್ಣ ಚಿತ್ರದಲ್ಲಿ ಕಾಣಲ್ಲ, ಅದನ್ನ ಮಾತೇ ಹೇಳಬೇಕು. 'ಉಣ್ಣೆ ಅಲ್ಲ' ಅನ್ನೋದನ್ನ ಸೇರಿಸಿದ್ದು ಅತ್ತಿಗೆ. ಹತ್ತಿ ಎಂದರೆ ಸಾಕಲ್ವಾ ಅಂದೆ. "ಎಲ್ಲರೂ ವುಲನ್ನಾ ವುಲನ್ನಾ ಅಂತಲೇ ಕೇಳೋದು, ಅದಕ್ಕೂ ಉತ್ತರ ಇರಲಿ" ಅಂದರು. ಅವರು ಹೇಳಿದ್ದು ಸರಿ.

ಬೆಲೆಯ ಬಗ್ಗೆ ಜಾಸ್ತಿ ಹೇಳಲ್ಲ. ಮೊದಲು ಕೇಳಿದವರಿಗೆ ₹450 ಅನ್ನುತ್ತಿದ್ದರು. ಈಗ 90 ಗ್ರಾಂ ನೂಲಿಗೆ ₹198, ಫೈಬರಿಗೆ ₹25, ಡಬ್ಬಿ ಮತ್ತು ಟೇಪಿಗೆ ₹20. ಉಳಿಯೋದು ₹407. ಹತ್ತೂವರೆ ಗಂಟೆಗೆ ಹಂಚಿದರೆ ಗಂಟೆಗೆ ₹39ರ ಹತ್ತಿರ. ಈ ಲೆಕ್ಕ ಬರೆದು ತೋರಿಸಿದಾಗ ಅತ್ತಿಗೆ ಕಾಗದ ಮಡಚಿ ಡಬ್ಬಿಯಲ್ಲಿ ಹಾಕಿಕೊಂಡರು, ಏನೂ ಅನ್ನಲಿಲ್ಲ.

ಹೊಸ ಲಿಂಕನ್ನ ಅದೇ ಗುಂಪುಗಳಿಗೆ ಮತ್ತೆ ಹಾಕಿದೆವು. ಈ ಸಲ ಹೃದಯದ ಚಿಹ್ನೆ ಕಡಿಮೆ ಬಂದವು. ಐದನೆಯ ದಿನ ಬಂದದ್ದೇ ಆ ಮೆಸೇಜು. ನಮ್ಮ ಅಪಾರ್ಟ್‌ಮೆಂಟಿನ ಯಾರೋ ತಮ್ಮ ತಂಗಿಗೆ ಕಳಿಸಿದ್ದರಂತೆ. ತಂಗಿ ಇರೋದು ತೀರ್ಥಹಳ್ಳಿ ಕಡೆ, ಮಗುವಿಗೆ ಒಂಬತ್ತು ತಿಂಗಳು.

ಅತ್ತಿಗೆ ಆ ಆನೆಗೆ ಆರಲ್ಲ, ಏಳು ದಿನ ತೆಗೆದುಕೊಂಡರು. ಕಣ್ಣಿನ ದೆಸೆಯಿಂದಲೇ. ಪ್ಲಾಸ್ಟಿಕ್ ಕಣ್ಣು ತಲೆಗೆ ಫೈಬರ್ ತುಂಬೋ ಮೊದಲೇ ಹಾಕೋದು. ದಾರದ ಕಣ್ಣು ತುಂಬಿದ ಮೇಲೆ ಹೊಲಿದರೆ ಚೆನ್ನ, ಆಗಲೇ ಮುಖದ ಆಕಾರ ಗೊತ್ತಾಗೋದು. ಹನ್ನೆರಡು, ಹದಿಮೂರನೆಯ ಸುತ್ತಿನ ನಡುವೆ, ಏಳು ಹೆಣಿಗೆ ದೂರ ಬಿಟ್ಟು ಎರಡು ಗುಂಡುಪಿನ್ನು ಚುಚ್ಚಿ ಜಾಗ ಗುರುತು ಮಾಡಿಕೊಂಡರು. ಬಲಗಣ್ಣು ಮುಗಿಸಿ ಎಡಗಣ್ಣು ಮುಗಿಸಿ ದೂರದಿಂದ ನೋಡಿದರೆ ಆನೆ ಒಂದು ಕಡೆಗೆ ಓರೆಗಣ್ಣು ಬಿಟ್ಟಿತ್ತು. ಸುತ್ತುಸುತ್ತಾಗಿ ಹೆಣೆದ ಬಟ್ಟೆಯಲ್ಲಿ ಸಾಲುಗಳು ನೇರವಾಗಿರಲ್ಲ, ಸುರುಳಿಯ ಹಾಗೆ ಏರುತ್ತಾ ಹೋಗುತ್ತವೆ. ಒಂದೇ ಸುತ್ತನ್ನ ನಂಬಿದರೆ ಒಂದು ಕಣ್ಣು ಚೂರು ಮೇಲೆ ಕೂರುತ್ತದೆ. ಎಡಗಣ್ಣು ಎರಡು ಸಲ ಬಿಚ್ಚಿದರು. ಮೂರನೆಯ ಸಲ ಸುತ್ತು ಎಣಿಸೋದು ಬಿಟ್ಟು, ಸೊಂಡಿಲ ಬುಡದಿಂದ ಕಣ್ಣಿಗೆ ದಾರ ಹಿಡಿದು ಅಳೆದು ಹೊಲಿದರು. ಗಂಟನ್ನ ಹೊರಗೆ ಬಿಡಲಿಲ್ಲ, ದಾರದ ತುದಿಯನ್ನ ತಲೆಯೊಳಗೆ ಮೂರು ಕಡೆ ತೂರಿಸಿ ಕತ್ತರಿಸಿದರು. ಆಮೇಲೆ ಕರ್ಚೀಫ್ ಸುತ್ತಿ ಎಳೆದು ನೋಡಿ, ನನಗೆ ವಿಡಿಯೋ ಕಾಲಿನಲ್ಲಿ ತೋರಿಸಿದರು.

ಒಂದು ದಿನ ತಡವಾಗುತ್ತದೆ ಎಂದು ಕೊಂಡವರಿಗೆ ಮೊದಲೇ ಹೇಳಿದ್ದರು. ಸ್ಪೀಡ್ ಪೋಸ್ಟಿನಲ್ಲಿ ಹೋಯಿತು. ತಲುಪಿದ ಮೇಲೆ ಅತ್ತಿಗೆ, ನಾನು ಹೇಳಿಕೊಟ್ಟ ಹಾಗೆ, ಒಂದೇ ಪ್ರಶ್ನೆ ಕೇಳಿದರು: 'ತೊಗೊಳ್ಳೋಣ ಅಂತ ಯಾವುದನ್ನ ಓದಿ ಅನ್ನಿಸ್ತು?' 'ಇಷ್ಟವಾಯಿತಾ' ಎಂದು ಕೇಳಬೇಡಿ ಅಂದಿದ್ದೆ. ಅದಕ್ಕೆ ಎಲ್ಲರೂ ಹೌದು ಅಂತಲೇ ಅನ್ನುತ್ತಾರೆ.

ಅವರು ವಾಯ್ಸ್ ಮೆಸೇಜ್ ಕಳಿಸಿದರು. "ಹಿಂದೆ ಯಾರೋ ಒಂದು ಕರಡಿ ಕೊಟ್ಟಿದ್ರು ನೋಡಿ, ಅದರ ಕಣ್ಣು ನಮ್ಮ ಮಗು ಬಾಯಲ್ಲಿತ್ತು. ನಾನೇ ಬೆರಳು ಹಾಕಿ ತೆಗೆದೆ. ಆಮೇಲೆ ಯಾವ ಗೊಂಬೆ ನೋಡಿದ್ರೂ ಮೊದಲು ಕಣ್ಣೇ ನೋಡೋದು. ನೀವು ಬರೆದಿದ್ರಲ್ಲ, ಅದಕ್ಕೆ. ಲೋಟ ನೋಡಿ ಸಣ್ಣದಾಯ್ತೇನೋ ಅಂದ್ಕೊಂಡೆ, ಪರವಾಗಿಲ್ಲ ಅನ್ನಿಸ್ತು."

ಒಂದು ಆರ್ಡರಿನಿಂದ ಯಾವ ಸೂತ್ರವನ್ನೂ ತೆಗೆಯೋಕಾಗಲ್ಲ, ಅದು ನನಗೂ ಗೊತ್ತು. ನಾವು ಚಿತ್ರ ಬದಲಿಸಿದ್ದೆವು, ಬೆಲೆ ಹಾಕಿದ್ದೆವು, ಗೊಂಬೆಯನ್ನೇ ಬದಲಿಸಿದ್ದೆವು, ಎಲ್ಲಾ ಒಂದೇ ದಿನ. ಯಾವುದು ಎಷ್ಟು ಕೆಲಸ ಮಾಡಿತು ಎಂದು ಬಿಡಿಸಿ ಹೇಳೋದು ಕಷ್ಟ. ಈ ಒಬ್ಬರ ಮಟ್ಟಿಗೆ ಮಾತ್ರ ಅವರ ಬಾಯಿಂದಲೇ ಕೇಳಿದ್ದೇವೆ. ಲೋಟ ಅವರನ್ನ ಸ್ವಲ್ಪ ಹಿಂದೆಯೇ ಎಳೆದಿತ್ತು ಅನ್ನೋದೂ ಅದರಲ್ಲೇ ಇದೆ. ಆದರೂ ಲೋಟ ತೆಗೆಯಲ್ಲ. ಗೊಂಬೆ ಕೈಗೆ ಬಂದ ಮೇಲೆ 'ಇಷ್ಟೇನಾ' ಅನ್ನಿಸೋದಕ್ಕಿಂತ ಕೊಳ್ಳೋ ಮೊದಲೇ ಅನ್ನಿಸಲಿ. ಏಪ್ರಿಲ್‌ನಲ್ಲಿ ಕಣ್ಣಿನ ಬಗ್ಗೆ ಕೇಳಿ ಸುಮ್ಮನಾದವರಿಗೂ ಅತ್ತಿಗೆ ಹೊಸ ಲಿಂಕು ಕಳಿಸಿದರು. 'ನೀವು ಕೇಳಿದ ಮೇಲೆ ಎಳೆದು ನೋಡಿದೆ, ಕಿತ್ತು ಬಂತು. ಈಗ ದಾರದಲ್ಲೇ ಹೊಲಿಯುತ್ತಿದ್ದೇನೆ' ಎಂದು ಬರೆದಿದ್ದರು. ಅವರು ಕೊಳ್ಳಲಿಲ್ಲ. ಮಗ ಈಗ ದೊಡ್ಡವನಾಗಿದ್ದಾನೆ, ಕಾರು ಬೇಕಂತಾನೆ ಎಂದು ಉತ್ತರ ಬಂತು.

ಆಗಸ್ಟ್ ಎರಡನೆಯ ವಾರ ತೀರ್ಥಹಳ್ಳಿಯಿಂದ ಮತ್ತೆ ಮೆಸೇಜು. ಮಗು ಆನೆಯ ಮೇಲೆ ರಾಗಿ ಸರಿ ಚೆಲ್ಲಿಕೊಂಡಿತ್ತು. ಹೇಳಿದ ಹಾಗೇ ತೊಳೆದು, ಟವೆಲಿನಲ್ಲಿ ಒತ್ತಿ, ನೆರಳಲ್ಲಿ ಮಲಗಿಸಿದ್ದರು. 'ಎರಡು ದಿನ ಅಂತ ಬರೆದಿದ್ದೀರಿ, ಇವತ್ತಿಗೆ ನಾಲ್ಕನೇ ದಿನ. ಹೊರಗೆ ಒಣಗಿದೆ, ಹೊಟ್ಟೆ ಒತ್ತಿದರೆ ಇನ್ನೂ ತಣ್ಣಗಿದೆ. ನಮ್ಮೂರಲ್ಲಿ ಮಳೆ ಬಿಟ್ಟಿಲ್ಲ.' ಜೊತೆಗೆ ಒಂದು ಚಿತ್ರ. ಬಚ್ಚಲೊಲೆಯ ಮೇಲೆ ಕಟ್ಟಿದ ಹಗ್ಗದಲ್ಲಿ ಆನೆ ಎರಡು ಕಿವಿಗೂ ಕ್ಲಿಪ್ ಹಾಕಿಸಿಕೊಂಡು ನೇತಾಡುತ್ತಿತ್ತು.

ನಾವು ಒಣಗಿಸಿ ನೋಡಿದ್ದು ತುಮಕೂರಿನ ಟೆರೇಸಿನ ಗಾಳಿಯಲ್ಲಿ. ಅತ್ತಿಗೆ ನನಗೆ ಫೋನ್ ಮಾಡಿ ಕೇಳಲೂ ಇಲ್ಲ, ತಾವೇ ವಿವರ ತೆರೆದು ಸಾಲು ತಿದ್ದಿದರು: 'ಪೂರ್ತಿ ಒಣಗಲು ಎರಡು ದಿನ. ಮಲೆನಾಡಿನ ಮಳೆಗಾಲದಲ್ಲಿ ಐದು ದಿನ, ಫ್ಯಾನಿನ ಕೆಳಗೆ ಇಡಿ. ಹೊಟ್ಟೆ ಒತ್ತಿ ನೋಡಿ, ತಣ್ಣಗಿದ್ದರೆ ಇನ್ನೂ ಒಣಗಿಲ್ಲ.'